ಹತ್ತಿರದ ಗೋದಾಮು ಯಾವುದು?

ಕರ್ನಾಟಕದ ನಕ್ಷೆ ಹರಡಿ, ಮಂಗಳೂರಿನಿಂದ ಎರಡು ಗೆರೆ ಎಳೆಯಿರಿ. ಒಂದು ಉತ್ತರಕ್ಕೆ, ಹುಬ್ಬಳ್ಳಿಯವರೆಗೆ. ಇನ್ನೊಂದು ಪೂರ್ವಕ್ಕೆ, ಬೆಂಗಳೂರಿನ ಹೊರಗಿರುವ ನೆಲಮಂಗಲದವರೆಗೆ. ಅಳೆದು ನೋಡಿದರೆ ಎರಡೂ ಗೆರೆ ಹೆಚ್ಚು ಕಡಿಮೆ ಒಂದೇ ಉದ್ದ, ಸುಮಾರು 275 ಕಿಲೋಮೀಟರ್.

ಈಗ ಆನ್‌ಲೈನಿನಲ್ಲಿ ಅಡುಗೆ ಪಾತ್ರೆ ಮಾರುವ ಒಬ್ಬ ವ್ಯಾಪಾರಿಯನ್ನು ಊಹಿಸಿಕೊಳ್ಳೋಣ. ಅವರಿಗೆ ಮೂರು ಗೋದಾಮುಗಳಿವೆ: ನೆಲಮಂಗಲದಲ್ಲೊಂದು, ಹುಬ್ಬಳ್ಳಿಯಲ್ಲೊಂದು, ಹೈದರಾಬಾದಿನಲ್ಲೊಂದು. ಮಂಗಳೂರಿನಿಂದ ಬೀಡಿನ ದೋಸೆ ಕಾವಲಿಗೆ ಆರ್ಡರ್ ಬಂದಿದೆ. ಅದನ್ನು ಎಲ್ಲಿಂದ ಕಳಿಸಬೇಕು? 'ಸ್ಟಾಕ್ ಇರುವ ಗೋದಾಮುಗಳಲ್ಲಿ ಗಿರಾಕಿಗೆ ಹತ್ತಿರದ್ದು ಯಾವುದೋ ಅಲ್ಲಿಂದ' ಎಂದು ಕಂಪ್ಯೂಟರಿಗೆ ಹೇಳಿಕೊಟ್ಟಿದ್ದರೆ, ಅದು ಅಕ್ಷಾಂಶ ರೇಖಾಂಶ ಹಿಡಿದು ಲೆಕ್ಕ ಹಾಕಿ, ಒಂದೆರಡು ಕಿಲೋಮೀಟರಿನ ವ್ಯತ್ಯಾಸದಲ್ಲಿ ಹುಬ್ಬಳ್ಳಿ ಎನ್ನುತ್ತದೆ. ಭೂಮಿಯ ದುಂಡಗಿನ ಮೈಮೇಲೆ ಎರಡು ಜಾಗಗಳ ನಡುವಿನ ದೂರ ಹೇಳುವ ಈ ಲೆಕ್ಕಕ್ಕೆ ಹ್ಯಾವರ್ಸೈನ್ ಸೂತ್ರ ಎಂದು ಹೆಸರು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಕಾವಲಿ ಹಾರಿ ಹೋಗುವುದಿಲ್ಲ. ನೆಲಮಂಗಲದ ಗೋದಾಮು ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲೆಯೇ ಇದೆ. ಕುಣಿಗಲ್, ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವ ಆ ದಾರಿಯಲ್ಲಿ ರಾತ್ರಿಯಿಡೀ ಸರಕಿನ ಗಾಡಿಗಳು ಓಡುತ್ತವೆ. ಹುಬ್ಬಳ್ಳಿಯ ಕಾವಲಿ ಯಲ್ಲಾಪುರದ ಮೇಲೆ ಬಂದು, ಅರಬೈಲು ಘಾಟಿ ಇಳಿದು, ಅಂಕೋಲೆಯಲ್ಲಿ ಕರಾವಳಿ ಹೆದ್ದಾರಿಗೆ ಸೇರಿ, ಅಲ್ಲಿಂದ ಉಡುಪಿ ದಾಟಿ ಬರಬೇಕು. ಅದೂ ಕೊರಿಯರಿನವರ ಗಾಡಿ ಆ ದಾರಿಯಲ್ಲಿ ಓಡುತ್ತಿದ್ದರೆ ಮಾತ್ರ. ಅವರ ವಿಂಗಡಣೆ ಕೇಂದ್ರ ಬೆಂಗಳೂರಿನಲ್ಲಿದ್ದರೆ ಹುಬ್ಬಳ್ಳಿಯ ಡಬ್ಬಿ ಮೊದಲು ಬೆಂಗಳೂರಿಗೆ ಹೋಗಿ, ನೆಲಮಂಗಲದ ಮುಂದೆಯೇ ಹಾದು, ಆಮೇಲೆ ಮಂಗಳೂರು ಸೇರುತ್ತದೆ.

ಹಾಗಾಗಿ ಹತ್ತಿರ ಎಂಬುದನ್ನು ಕಿಲೋಮೀಟರಿನಲ್ಲಿ ಅಳೆಯಬಾರದು. ಯಾವ ಗೋದಾಮಿನಿಂದ ಹೊರಟ ಡಬ್ಬಿ ಈ ಪಿನ್ ಕೋಡಿಗೆ ಎಷ್ಟು ದಿನಕ್ಕೆ ಮುಟ್ಟುತ್ತದೆ, ಎಷ್ಟು ಖರ್ಚಿಗೆ ಮುಟ್ಟುತ್ತದೆ ಎಂಬುದೇ ಹತ್ತಿರದ ಅಳತೆ. ಅದನ್ನು ಸೂತ್ರ ಹೇಳಲಾರದು. ಹಳೆಯ ರವಾನೆಗಳ ಲೆಕ್ಕ ಹೇಳುತ್ತದೆ, ಕೊರಿಯರಿನವರು ಕೊಡುವ ಪಟ್ಟಿ ಹೇಳುತ್ತದೆ, ಪ್ಯಾಕಿಂಗ್ ಟೇಬಲ್ಲಿನ ಮುಂದೆ ವರ್ಷಗಟ್ಟಲೆ ನಿಂತವರು ಹೇಳುತ್ತಾರೆ.

ಪಿನ್ ಕೋಡ್ ನಮ್ಮಲ್ಲಿ ಬಂದದ್ದು 1972ರ ಆಗಸ್ಟ್ 15ರಂದು. ಕೇಂದ್ರ ಸಂಪರ್ಕ ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದ, ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ಅದನ್ನು ರೂಪಿಸಿದರು. ಆರು ಅಂಕಿಗಳಲ್ಲಿ ಮೊದಲನೆಯದು ದೇಶದ ವಲಯ, ಎರಡನೆಯದು ಉಪವಲಯ, ಮೂರನೆಯದು ಸೇರಿದರೆ ಟಪಾಲು ವಿಂಗಡಿಸುವ ಜಿಲ್ಲೆ, ಕೊನೆಯ ಮೂರು ಅಂಕಿ ಅಂಚೆ ಕಚೇರಿ. ಕರ್ನಾಟಕದ ಕೋಡುಗಳು 56ರಿಂದ 59ರವರೆಗಿನ ಅಂಕಿಗಳಿಂದ ಶುರುವಾಗುತ್ತವೆ. ಆರ್ಡರುಗಳನ್ನು ಗೋದಾಮಿಗೆ ಹಂಚಲು ಕೂತವರ ಕೈ ಮೊದಲು ಹೋಗುವುದು ಈ ಅಂಕಿಗಳ ಕಡೆಗೇ. 56, 57 ನೆಲಮಂಗಲಕ್ಕೆ, 58, 59 ಹುಬ್ಬಳ್ಳಿಗೆ, 50 ಹೈದರಾಬಾದಿಗೆ ಎಂದು ಬರೆದುಬಿಟ್ಟರೆ ಅರ್ಧ ಗಂಟೆಯ ಕೆಲಸ. ಬಹುಪಾಲು ಆರ್ಡರುಗಳಿಗೆ ಅದು ಸರಿಯಾಗಿಯೂ ನಡೆಯುತ್ತದೆ.

ಎಡವುವುದು ಗಡಿಗಳಲ್ಲಿ. ಬೀದರಿನ ಕೋಡು 585401. ಈ ನಿಯಮದಂತೆ ಅದು ಹುಬ್ಬಳ್ಳಿಯ ಪಾಲು. ಆದರೆ ಬೀದರಿನಿಂದ ಹೈದರಾಬಾದು ರಸ್ತೆಯಲ್ಲಿ 150 ಕಿಲೋಮೀಟರಿನ ಆಸುಪಾಸು, ಹುಬ್ಬಳ್ಳಿಯೋ ನೇರ ಗೆರೆಯಲ್ಲೇ 380 ಕಿಲೋಮೀಟರ್. ಹೊಸೂರಿನ ಕೋಡು 635109. ವ್ಯಾಪಾರಿ ನಾಳೆ ಚೆನ್ನೈನಲ್ಲೂ ಒಂದು ಗೋದಾಮು ತೆರೆದು '6ರಿಂದ ಶುರುವಾದದ್ದೆಲ್ಲ ಚೆನ್ನೈಗೆ' ಎಂದು ಬರೆದರೆ, ಬೆಂಗಳೂರಿನ ಬಾಗಿಲಲ್ಲೇ ಇರುವ ಹೊಸೂರಿನ ಗಿರಾಕಿಯ ಡಬ್ಬಿ ಮುನ್ನೂರು ಕಿಲೋಮೀಟರ್ ಆಚೆಯಿಂದ ಬರುತ್ತದೆ. ಕಾಸರಗೋಡಿನ 671121 ಕೂಡ ಹಾಗೆಯೇ. ಅಂಕಿಯಲ್ಲಿ ಅದು ಕೇರಳ, ಸರಕಿನ ದಾರಿಯಲ್ಲಿ ಮಂಗಳೂರಿನ ಮುಂದಿನ ನಿಲ್ದಾಣ. ಭಾಷೆ, ನೆಂಟಸ್ತಿಕೆ, ಬಸ್ಸು ಎಲ್ಲದರಲ್ಲೂ ಗಡಿಯ ಊರುಗಳ ಹತ್ತಿರ ದೂರ ರಾಜ್ಯದ ಗೆರೆಯನ್ನು ಕೇಳುವುದಿಲ್ಲ. ಡಬ್ಬಿಗಳ ವಿಷಯದಲ್ಲೂ ಅಷ್ಟೆ.

ಇದಕ್ಕೆ ನನಗೆ ಸರಿ ಕಂಡ ದಾರಿ, ಜಾಣ ಸೂತ್ರಕ್ಕಿಂತ ಸಾದಾ ಪಟ್ಟಿ. ಮೊದಲ ಮೂರು ಅಂಕಿ ಹಿಡಿದರೆ ಇಡೀ ದೇಶಕ್ಕೂ ಸಾವಿರದೊಳಗಿನ ಸಾಲುಗಳು ಸಾಕು. ಪ್ರತಿ ಸಾಲಿನ ಮುಂದೆ ಗೋದಾಮುಗಳನ್ನು ಕ್ರಮವಾಗಿ ಬರೆಯುವುದು. ಗಡಿಯ ಊರುಗಳಿಗೆ, ಘಾಟಿಯ ಕೆಳಗಿನ ಊರುಗಳಿಗೆ ಆರೂ ಅಂಕಿಯ ಪ್ರತ್ಯೇಕ ಸಾಲು ಸೇರಿಸುವುದು. ಆರಂಕಿಯ ಸಾಲು ಇದ್ದರೆ ಅದೇ ಅಂತಿಮ, ಇಲ್ಲದಿದ್ದರೆ ಮೂರಂಕಿಯದು. ನಮ್ಮ ವ್ಯಾಪಾರಿಯ ಪಟ್ಟಿಯ ತುಣುಕು ಹೀಗಿರುತ್ತದೆ:

```
575      NLM, HBL, HYD
580      HBL, NLM, HYD
585401   HYD, HBL, NLM
635109   NLM, HBL, HYD
671121   NLM, HBL, HYD
```

ಕೈಯಲ್ಲಿ ಬರೆದ ಪಟ್ಟಿಗೆ ಇನ್ನೊಂದು ಗುಣವಿದೆ. ಅದನ್ನು ಕೈಯಲ್ಲೇ ಬದಲಿಸಬಹುದು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಪ್ರಾಣ ಕಳೆದುಕೊಂಡರು, ಕರಾವಳಿಯ ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಅದೇ ತಿಂಗಳು ಸಕಲೇಶಪುರದ ಬಳಿ ದೋಣಿಗಲ್‌ನಲ್ಲಿ ಮಣ್ಣು ಜರಿದು ಶಿರಾಡಿಯ ಸಂಚಾರವೂ ನಿಂತಿತು. ಅಂಥ ವಾರದಲ್ಲಿ ಕಂಪ್ಯೂಟರಿನ ಸೂತ್ರಕ್ಕೆ ಏನೂ ಗೊತ್ತಾಗುವುದಿಲ್ಲ. ಅಕ್ಷಾಂಶ ರೇಖಾಂಶ ಬದಲಾಗಿಲ್ಲವಲ್ಲ. ರವಾನೆ ನೋಡಿಕೊಳ್ಳುವವರು ಬೆಳಗ್ಗೆ ಪಟ್ಟಿ ತೆರೆದು 575, 576ರ ಸಾಲುಗಳನ್ನು ತಿದ್ದಬೇಕು. ತಿದ್ದಲು ಬರುವಂತೆ ಪಟ್ಟಿ ಇರಬೇಕು. ಮಳೆ ನಿಂತ ಮೇಲೆ ಹಳೆಯ ಕ್ರಮಕ್ಕೆ ಮರಳಿಸುವುದನ್ನು ಯಾರೂ ನೆನಪಿಡುವುದಿಲ್ಲ. ಆದ್ದರಿಂದ ತಿದ್ದಿದ ಸಾಲಿನ ಪಕ್ಕದಲ್ಲಿ ಅದು ಮುಗಿಯುವ ತಾರೀಖನ್ನೂ ಬರೆಯುವುದು ಒಳ್ಳೆಯದು.

ಹತ್ತಿರದ ಮಾತು ಇಷ್ಟಕ್ಕೆ ಮುಗಿಯುತ್ತದೆ. ಹೆಚ್ಚು ಕಷ್ಟ ಕೊಡುವುದು ನಿಯಮದ ಇನ್ನೊಂದು ಮಾತು. 'ಸ್ಟಾಕ್ ಇರುವ' ಗೋದಾಮು ಎಂದೆವಲ್ಲ, ಅದು.

ಒಂದು ಸೋಮವಾರ ರಾತ್ರಿ ಒಂಬತ್ತೂ ಮುಕ್ಕಾಲಿಗೆ ಬೀದರಿನಿಂದ ಕಾವಲಿಗೆ ಆರ್ಡರ್ ಬರುತ್ತದೆ ಎಂದುಕೊಳ್ಳಿ. ಪಟ್ಟಿಯ ಮೊದಲ ಹೆಸರು ಹೈದರಾಬಾದು. ಅಲ್ಲಿನ ಕಪಾಟಿನಲ್ಲಿ 9 ಕಾವಲಿಗಳಿವೆ. ಆದರೆ ಅವುಗಳಲ್ಲಿ 2 ಗಿರಾಕಿಗಳಿಂದ ವಾಪಸು ಬಂದವು. ಬೀಡು ಗಟ್ಟಿ, ಆದರೆ ಬಿದ್ದರೆ ಬಿರುಕು ಬಿಡುವ ಲೋಹ. ತಟ್ಟಿ ನೋಡಿ, ಬೆಳಕಿಗೆ ಹಿಡಿದು ನೋಡಿದ ಮೇಲಷ್ಟೇ ಅವನ್ನು ಮಾರಬಹುದು. ಉಳಿದ 7ರಲ್ಲಿ 6 ಆಗಲೇ ಬೇರೆ ಆರ್ಡರುಗಳಿಗೆ ಮೀಸಲಾಗಿ ಬೆಳಗಿನ ಗಾಡಿಗೆ ಕಾಯುತ್ತಿವೆ. ಅಂದರೆ ಕಣ್ಣಿಗೆ ಕಾಣುವುದು 9, ಮಾರಲು ಇರುವುದು 1. ಇರುವುದರಿಂದ ತಡೆಹಿಡಿದದ್ದನ್ನೂ ಮೀಸಲಾದದ್ದನ್ನೂ ಕಳೆದ ಮೇಲೆ ಉಳಿಯುವ ಈ ಸಂಖ್ಯೆಯನ್ನೇ ಸ್ಟಾಕ್ ಎನ್ನಬೇಕು. ಅನೇಕ ಅಂಗಡಿಗಳ ತಂತ್ರಾಂಶ ಮೀಸಲನ್ನು ಲೆಕ್ಕಕ್ಕೆ ಹಿಡಿಯುವುದು ಬಿಲ್ಲು ಮುದ್ರಣವಾದಾಗ ಮಾತ್ರ. ರಾತ್ರಿ ಆರ್ಡರ್ ಬಂದು ಬೆಳಗ್ಗೆ ಬಿಲ್ಲಾಗುವುದಾದರೆ, ನಡುವಿನ ಹನ್ನೆರಡು ಗಂಟೆ ಅದೇ ಒಂದು ಕಾವಲಿಯನ್ನು ಹತ್ತು ಜನಕ್ಕೆ ಮಾರಬಹುದು.

ಅದೇ ರಾತ್ರಿ, ಅದೇ ನಿಮಿಷದಲ್ಲಿ ಜಹೀರಾಬಾದಿನ ಇನ್ನೊಬ್ಬರೂ ಕಾವಲಿ ಕೊಂಡರು ಎನ್ನಿ. ಎರಡು ಆರ್ಡರುಗಳೂ ಕಂಪ್ಯೂಟರನ್ನು ಕೇಳುತ್ತವೆ: ಹೈದರಾಬಾದಿನಲ್ಲಿ ಇದೆಯೇ? ಇಬ್ಬರಿಗೂ 'ಒಂದು ಇದೆ' ಎಂಬ ಉತ್ತರ ಸಿಗುತ್ತದೆ. ಇಬ್ಬರೂ ಅದನ್ನು ತಮ್ಮದು ಎಂದು ಬರೆದುಕೊಳ್ಳುತ್ತಾರೆ. ಕೇಳುವುದಕ್ಕೂ ಬರೆದುಕೊಳ್ಳುವುದಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟು ಸಂದು ಇದ್ದರೂ ಈ ತಪ್ಪು ನುಸುಳುತ್ತದೆ. ಹಬ್ಬದ ರಿಯಾಯಿತಿ ದಿನಗಳಲ್ಲಿ ಆರ್ಡರುಗಳು ಒಟ್ಟೊಟ್ಟಿಗೆ ಬೀಳುವಾಗ ಇದು ಮತ್ತೆ ಮತ್ತೆ ನಡೆಯುತ್ತದೆ. ಪರಿಹಾರ, ಕೇಳುವುದನ್ನೂ ಬರೆಯುವುದನ್ನೂ ಒಂದೇ ಏಟಿಗೆ ಮಾಡಿಸುವುದು. ಡೇಟಾಬೇಸಿಗೆ ಕೊಡುವ ಅಪ್ಪಣೆ ಇಷ್ಟೇ:

```
UPDATE stock
SET reserved = reserved + 1
WHERE sku = 'KAVALI-30' AND godown = 'HYD'
  AND on_hand - held - reserved >= 1;
```

ಕೊನೆಯ ಸಾಲೇ ಇದರ ಜೀವ. 'ಉಳಿದದ್ದು ಒಂದಾದರೂ ಇದ್ದರೆ ಮಾತ್ರ ಮೀಸಲು ಒಂದು ಹೆಚ್ಚಿಸು' ಎಂದು ಅದರ ಅರ್ಥ. ಒಂದೇ ಸಾಲಿಗೆ ಇಬ್ಬರು ಕೈ ಹಾಕಿದರೆ ಡೇಟಾಬೇಸು ಒಬ್ಬರ ಕೆಲಸ ಮುಗಿಯುವ ತನಕ ಇನ್ನೊಬ್ಬರನ್ನು ಕಾಯಿಸುತ್ತದೆ. ಕೆಲಸ ಮುಗಿದ ಮೇಲೆ ಎಷ್ಟು ಸಾಲು ಬದಲಾಯಿತು ಎಂದು ಅದು ಹೇಳುತ್ತದೆ. ಒಂದು ಎಂದರೆ ಕಾವಲಿ ನಿಮ್ಮದು. ಸೊನ್ನೆ ಎಂದರೆ ಯಾರೋ ಮುಂಚೆ ತೆಗೆದುಕೊಂಡರು, ಪಟ್ಟಿಯ ಮುಂದಿನ ಗೋದಾಮಿಗೆ ಹೋಗಿ ಇದೇ ಅಪ್ಪಣೆ ಮತ್ತೆ ಕೊಡಬೇಕು. ಬೀದರಿನವರಿಗೆ ಒಂದು ಸಿಕ್ಕಿತು ಎನ್ನಿ. ಜಹೀರಾಬಾದಿನವರ ಆರ್ಡರು ಸದ್ದಿಲ್ಲದೆ ಮುಂದಿನ ಗೋದಾಮಿಗೆ ತಿರುಗುತ್ತದೆ. ಅವರಿಗೆ ಕಾವಲಿ ಎರಡು ದಿನ ತಡವಾಗಿ ಬರಬಹುದು, ಆದರೆ ಬರುತ್ತದೆ. ಇಬ್ಬರಿಗೂ ಹೂಂ ಎಂದು ಹೇಳಿ ಬೆಳಗ್ಗೆ ಒಬ್ಬರಿಗೆ ಫೋನು ಮಾಡಿ ಕ್ಷಮೆ ಕೇಳುವುದಕ್ಕಿಂತ ಇದು ಎಷ್ಟೋ ಮೇಲು.

ಇಷ್ಟು ಮಾಡಿದರೂ ಕಪಾಟು ಸುಳ್ಳು ಹೇಳುವುದನ್ನು ತಪ್ಪಿಸಲಾಗುವುದಿಲ್ಲ. ಲೆಕ್ಕದಲ್ಲಿ ಒಂದು ಇದೆ, ಬೆಳಗ್ಗೆ ಹುಡುಗ ಹೋಗಿ ಹುಡುಕಿದರೆ ಇಲ್ಲ. ಬೇರೆ ಗಾತ್ರದ ಕಾವಲಿಗಳ ನಡುವೆ ಸೇರಿಹೋಗಿದೆ, ಅಥವಾ ನಿನ್ನೆ ತಪ್ಪಿ ಎರಡು ಹೋಗಿವೆ, ಅಥವಾ ಇಳಿಸುವಾಗಲೇ ಎಣಿಕೆ ತಪ್ಪಿತ್ತು. ಇಂಥ ಹೊತ್ತಿನಲ್ಲಿ ಗೋದಾಮಿನವರು ಮಾಡುವ ಸುಲಭದ ಕೆಲಸ ಆರ್ಡರನ್ನು ರದ್ದು ಮಾಡುವುದು. ಎರಡು ಬೇರೆ ಗೋದಾಮುಗಳಲ್ಲಿ ಅದೇ ಕಾವಲಿ ಇರುವಾಗ ಹೈದರಾಬಾದಿನ ಕಪಾಟು ಖಾಲಿ ಎಂದು ಬೀದರಿನ ಗಿರಾಕಿಯ ಹಣ ಹಿಂದಿರುಗಿಸುವುದು ನನ್ನ ಮಟ್ಟಿಗೆ ಒಪ್ಪುವ ಕೆಲಸವಲ್ಲ. ಗೋದಾಮಿನ ಪರದೆಯ ಮೇಲೆ ರದ್ದು ಎಂಬ ಗುಂಡಿಯೇ ಇರಬಾರದು. 'ಸಿಗಲಿಲ್ಲ' ಎಂಬ ಗುಂಡಿ ಇರಬೇಕು.

ಆ ಗುಂಡಿ ಒತ್ತಿದಾಗ ಮೂರು ಕೆಲಸ ಆಗಬೇಕು. ಹೈದರಾಬಾದಿನಲ್ಲಿ ಕಾವಲಿಯ ಮಾರಬಹುದಾದ ಲೆಕ್ಕ ಆ ಕ್ಷಣವೇ ಸೊನ್ನೆಗೆ ಇಳಿಯಬೇಕು, ಯಾರಾದರೂ ಕೈಯಿಂದ ಎಣಿಸಿ ಹೇಳುವ ತನಕ ಅಲ್ಲೇ ನಿಲ್ಲಬೇಕು. ಆರ್ಡರು ಪಟ್ಟಿಯ ಮುಂದಿನ ಗೋದಾಮಿಗೆ ಹೋಗಬೇಕು. ಮತ್ತು ಆ ಆರ್ಡರಿನ ಮೇಲೆ 'ಹೈದರಾಬಾದು ಆಯಿತು' ಎಂದು ಗುರುತು ಬೀಳಬೇಕು. ಈ ಮೂರನೆಯದನ್ನು ಮರೆತ ಕಡೆ ಒಂದು ವಿಚಿತ್ರ ಕಾಯಿಲೆ ಕಾಣಿಸಿಕೊಳ್ಳುತ್ತದೆ: ಆರ್ಡರು ತಿರುಗಿ ಮತ್ತೆ ಹೈದರಾಬಾದಿಗೇ ಬರುತ್ತದೆ. ಅಲ್ಲಿ ಮತ್ತೆ ಸಿಗಲಿಲ್ಲ, ಮತ್ತೆ ತಿರುಗುತ್ತದೆ. ಗಿರಾಕಿಯ ಪರದೆಯಲ್ಲಿ ಮೂರು ದಿನವೂ 'ಪ್ಯಾಕ್ ಆಗುತ್ತಿದೆ' ಎಂದೇ ಇರುತ್ತದೆ. ಒಂದು ಆರ್ಡರು ಎರಡು ಸಲಕ್ಕಿಂತ ಹೆಚ್ಚು ಗೋದಾಮು ಬದಲಿಸಿದರೆ ಅದು ಯಂತ್ರದ ಕೈ ಬಿಟ್ಟು ಒಬ್ಬ ಮನುಷ್ಯನ ಮುಂದೆ ಬರಬೇಕು.

ಇಲ್ಲಿ ತೆರಿಗೆಯ ಮಾತನ್ನೂ ಹೇಳಬೇಕು, ಏಕೆಂದರೆ ಗೋದಾಮು ಬದಲಾದರೆ ಬಿಲ್ಲೂ ಬದಲಾಗುತ್ತದೆ. ನೆಲಮಂಗಲ, ಹುಬ್ಬಳ್ಳಿ ಎರಡೂ ಕರ್ನಾಟಕದಲ್ಲಿರುವುದರಿಂದ ಒಂದೇ ಜಿಎಸ್‌ಟಿ ನೋಂದಣಿ ಸಾಕು. ಎರಡನೆಯದನ್ನು ಅದರಲ್ಲೇ ಹೆಚ್ಚುವರಿ ವ್ಯವಹಾರದ ಸ್ಥಳ ಎಂದು ಸೇರಿಸಿದರಾಯಿತು. ಹೈದರಾಬಾದಿಗೆ ತೆಲಂಗಾಣದ ಬೇರೆಯದೇ ನೋಂದಣಿ ಬೇಕು. ಕರ್ನಾಟಕದ ನೋಂದಣಿ ಸಂಖ್ಯೆ 29ರಿಂದ ಶುರುವಾದರೆ ತೆಲಂಗಾಣದ್ದು 36ರಿಂದ. ಬೀದರಿನವರಿಗೆ ಹೈದರಾಬಾದಿನಿಂದ ಹೋದರೆ ಅದು ಅಂತಾರಾಜ್ಯ ಮಾರಾಟ, ಐಜಿಎಸ್‌ಟಿ. ಹುಬ್ಬಳ್ಳಿಯಿಂದ ಹೋದರೆ ರಾಜ್ಯದೊಳಗಿನದು, ಅರ್ಧ ಕೇಂದ್ರಕ್ಕೆ ಅರ್ಧ ರಾಜ್ಯಕ್ಕೆ. ಗಿರಾಕಿ ಕೊಡುವ ಒಟ್ಟು ಹಣದಲ್ಲಿ ವ್ಯತ್ಯಾಸವಿಲ್ಲ. ಆದರೆ ಬಿಲ್ಲಿನ ಮೇಲಿನ ನೋಂದಣಿ ಸಂಖ್ಯೆ, ಬಿಲ್ಲಿನ ಕ್ರಮಸಂಖ್ಯೆ, ತೆರಿಗೆಯ ವಿಂಗಡಣೆ ಎಲ್ಲವೂ ಬೇರೆ. ಹೈದರಾಬಾದಿನ ಹೆಸರಲ್ಲಿ ಬಿಲ್ಲು ಮುದ್ರಿಸಿ, ಆಮೇಲೆ ಕಾವಲಿ ಸಿಗದೆ ಹುಬ್ಬಳ್ಳಿಯಿಂದ ಕಳಿಸಿದರೆ ಹಳೆಯ ಬಿಲ್ಲನ್ನು ಸರಿಪಡಿಸುವ ಕೆಲಸ ತಿಂಗಳ ಕೊನೆಯಲ್ಲಿ ಲೆಕ್ಕಿಗರ ತಲೆಯ ಮೇಲೆ ಬರುತ್ತದೆ. ಆದ್ದರಿಂದ ಕ್ರಮ ಹೀಗಿರಬೇಕು: ಮೊದಲು ಮೀಸಲು, ಆಮೇಲೆ ಕಪಾಟಿನಿಂದ ತೆಗೆದು ಕೈಗೆ ಬಂದದ್ದು ಖಾತ್ರಿ, ಕೊನೆಗೆ ಬಿಲ್ಲು.

ಇನ್ನು ಒಂದೇ ಆರ್ಡರಿನಲ್ಲಿ ಮೂರು ಸಾಮಾನು ಇದ್ದರೆ? ಬೀದರಿನವರು ಕಾವಲಿಯ ಜೊತೆ ಇಡ್ಲಿ ಪಾತ್ರೆ, ಕಾಫಿ ಫಿಲ್ಟರೂ ಕೇಳಿದ್ದಾರೆ ಎಂದುಕೊಳ್ಳೋಣ. ಹೈದರಾಬಾದಿನಲ್ಲಿ ಕಾವಲಿ, ಫಿಲ್ಟರು ಇವೆ, ಇಡ್ಲಿ ಪಾತ್ರೆ ಇಲ್ಲ. ಹುಬ್ಬಳ್ಳಿಯಲ್ಲಿ ಇಡ್ಲಿ ಪಾತ್ರೆ ಇದೆ, ಕಾವಲಿ ಇಲ್ಲ. ಮೂರೂ ಇರುವುದು ಅತಿ ದೂರದ ನೆಲಮಂಗಲದಲ್ಲಿ ಮಾತ್ರ. ಸಾಮಾನು ಸಾಮಾನಿಗೂ ಹತ್ತಿರದ ಗೋದಾಮು ಹುಡುಕಿದರೆ ಎರಡು ಡಬ್ಬಿ ಹೋಗುತ್ತವೆ. ಇಡೀ ಆರ್ಡರಿಗೆ ಒಂದು ಗೋದಾಮು ಹುಡುಕಿದರೆ ನೆಲಮಂಗಲದಿಂದ ಒಂದು ಡಬ್ಬಿ.

ಲೆಕ್ಕ ಹಾಕಿಯೇ ನೋಡೋಣ. ಕೊರಿಯರಿನವರು ತೂಕದ ಜೊತೆ ಗಾತ್ರವನ್ನೂ ಅಳೆಯುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಕಿಲೋ ಲೆಕ್ಕ ಒಂದು, ತಕ್ಕಡಿಯ ತೂಕ ಇನ್ನೊಂದು. ಎರಡರಲ್ಲಿ ದೊಡ್ಡದಕ್ಕೆ ಹಣ. ಬೀಡಿನ ಕಾವಲಿ ಚಪ್ಪಟೆ ಮತ್ತು ಭಾರ, ಅದಕ್ಕೆ ತಕ್ಕಡಿಯ ತೂಕ. ಇಡ್ಲಿ ಪಾತ್ರೆ ಹಗುರ ಆದರೆ ಒಳಗೆಲ್ಲ ಗಾಳಿ, ಅದಕ್ಕೆ ಗಾತ್ರದ ತೂಕ. 32, 32, 26 ಸೆಂಟಿಮೀಟರಿನ ಡಬ್ಬಿಯಲ್ಲಿರುವ ಎರಡು ಕಿಲೋ ಪಾತ್ರೆ 5.3 ಕಿಲೋ ಎಂದು ಲೆಕ್ಕವಾಗಿ, ಮುಂದಿನ ಪೂರ್ಣ ಸಂಖ್ಯೆಗೆ ಏರಿ 6 ಕಿಲೋ ಆಗುತ್ತದೆ. ಉದಾಹರಣೆಗೆ ಹತ್ತಿರದ ದರ ಮೊದಲ ಕಿಲೋಗೆ 45 ರೂಪಾಯಿ, ಆಮೇಲಿನ ಪ್ರತಿ ಕಿಲೋಗೆ 30 ಎಂದೂ, ದೂರದ ದರ 60 ಮತ್ತು 40 ಎಂದೂ ಇಟ್ಟುಕೊಳ್ಳೋಣ. ಬೀದರಿಗೆ ಹೈದರಾಬಾದು ಹತ್ತಿರದ್ದು, ಉಳಿದೆರಡೂ ದೂರದವು.

ಎರಡು ಡಬ್ಬಿಯ ದಾರಿಯಲ್ಲಿ, ಹೈದರಾಬಾದಿನಿಂದ ಕಾವಲಿ ಮತ್ತು ಫಿಲ್ಟರು 3.2 ಕಿಲೋ, ಲೆಕ್ಕಕ್ಕೆ 4 ಕಿಲೋ, 135 ರೂಪಾಯಿ. ಹುಬ್ಬಳ್ಳಿಯಿಂದ ಇಡ್ಲಿ ಪಾತ್ರೆ 6 ಕಿಲೋ, 260 ರೂಪಾಯಿ. ರಟ್ಟು, ಟೇಪು, ಕೆಲಸ ಸೇರಿ ಡಬ್ಬಿಗೆ 25ರಂತೆ 50. ಒಟ್ಟು 445. ಒಂದೇ ಡಬ್ಬಿಯ ದಾರಿಯಲ್ಲಿ, ನೆಲಮಂಗಲದಿಂದ 40, 35, 30 ಸೆಂಟಿಮೀಟರಿನ ಪೆಟ್ಟಿಗೆ 8.4 ಕಿಲೋ, ಲೆಕ್ಕಕ್ಕೆ 9 ಕಿಲೋ, 380 ರೂಪಾಯಿ. ಪ್ಯಾಕಿಂಗಿನ 25 ಸೇರಿ 405. ಅತಿ ದೂರದ ಗೋದಾಮು 40 ರೂಪಾಯಿ ಅಗ್ಗವಾಯಿತು.

ಹಣವೊಂದೇ ಅಲ್ಲ. ಎರಡು ಡಬ್ಬಿ ಎಂದರೆ ಎರಡು ರಾಜ್ಯಗಳ ಎರಡು ಬಿಲ್ಲು, ಬಾಗಿಲಿಗೆ ಎರಡು ಸಲ ಡೆಲಿವರಿ ಹುಡುಗ, ನಗದು ಕೊಡುವವರಾದರೆ ಎರಡು ಸಲ ಚಿಲ್ಲರೆ. ಕಾವಲಿ ಬಂದು ಇಡ್ಲಿ ಪಾತ್ರೆ ಬಾರದ ಆ ಎರಡು ದಿನಗಳಲ್ಲಿ 'ಒಂದು ಸಾಮಾನು ಕಡಿಮೆ ಬಂದಿದೆ' ಎಂದು ಒಂದು ಫೋನು ಖಂಡಿತ. ನಾನಾದರೆ ಒಂದೇ ಡಬ್ಬಿ ಕಳಿಸುತ್ತೇನೆ. ಆದರೆ ಇದನ್ನೇ ಎಲ್ಲದಕ್ಕೂ ನಿಯಮ ಮಾಡಬಾರದು. ಹೈದರಾಬಾದಿನಲ್ಲಿರುವ ಸಾಮಾನು ಬಹಳ ಭಾರವಾಗಿದ್ದು, ಅಲ್ಲಿ ಇಲ್ಲದ್ದು ಒಂದು ಸಣ್ಣ ಚಮಚದ ಕಟ್ಟು ಮಾತ್ರವಾಗಿದ್ದರೆ ಲೆಕ್ಕ ತಿರುಗಬಹುದು: ಭಾರದ ಸಾಮಾನನ್ನೆಲ್ಲ ಚಮಚಕ್ಕಾಗಿ ನೆಲಮಂಗಲದಿಂದ ಹೊರಿಸುವ ಬದಲು ಚಮಚವನ್ನು ಬೇರೆಯಾಗಿ ಕಳಿಸುವುದೇ ಕಡಿಮೆ ಖರ್ಚಾಗಬಹುದು.

ಆನ್‌ಲೈನ್ ಅಂಗಡಿ ಕಟ್ಟಿಕೊಡುವ ಶಾಪಿಫೈಯಂಥ ತಂತ್ರಾಂಶಗಳಲ್ಲಿ ಈ ನಿಯಮಗಳು ಸಿದ್ಧವಾಗಿಯೇ ಸಿಗುತ್ತವೆ: ಡಬ್ಬಿಗಳನ್ನು ಕಡಿಮೆ ಮಾಡು ಎಂಬುದೊಂದು, ಹತ್ತಿರದ ಸ್ಥಳದಿಂದ ಕಳಿಸು ಎಂಬುದೊಂದು, ನಾನು ಬರೆದ ಕ್ರಮದಂತೆ ನಡೆ ಎಂಬುದೊಂದು. ಅವುಗಳನ್ನು ಮೇಲಿನಿಂದ ಕೆಳಕ್ಕೆ ಯಾವ ಸಾಲಿನಲ್ಲಿ ಇಡುತ್ತೀರೋ ಆ ಸಾಲಿನಲ್ಲೇ ಅವು ತೀರ್ಪು ಕೊಡುತ್ತವೆ. ಕಡಿಮೆ ಡಬ್ಬಿಯ ನಿಯಮ ಮೇಲಿದ್ದರೆ ಬೀದರಿನ ಆರ್ಡರು ನೆಲಮಂಗಲದಿಂದ ಹೋಗುತ್ತದೆ, ಹತ್ತಿರದ ನಿಯಮ ಮೇಲಿದ್ದರೆ ಒಡೆಯುತ್ತದೆ. ಅದೇ ಗುಂಡಿಗಳು, ಅದೇ ಗೋದಾಮುಗಳು, ಎರಡು ಸಾಲು ಹಿಂದು ಮುಂದಾದರೆ ತಿಂಗಳ ಕೊರಿಯರ್ ಬಿಲ್ಲು ಬೇರೆ. ಮೊದಲ ದಿನ ಕಣ್ಣು ಮುಚ್ಚಿ ಇಟ್ಟ ಕ್ರಮವನ್ನು ಬಹಳ ಮಂದಿ ತೆರೆದು ನೋಡುವುದೇ ಇಲ್ಲ.

ಹಾಗೆ ನೋಡಬೇಕಾದರೆ ಒಂದು ದಾಖಲೆ ಬೇಕು. ಪ್ರತಿ ಆರ್ಡರಿನ ಪಕ್ಕದಲ್ಲಿ ಅದರ ಮೊದಲ ಆಯ್ಕೆಯ ಗೋದಾಮು ಯಾವುದಿತ್ತು, ನಿಜಕ್ಕೂ ಹೋದದ್ದು ಎಲ್ಲಿಂದ, ಬದಲಾಗಿದ್ದರೆ ಏಕೆ ಎಂದು ಒಂದು ಪದದಲ್ಲಿ ಬರೆದಿಡುವುದು. 'ಸ್ಟಾಕಿಲ್ಲ', 'ಸಿಗಲಿಲ್ಲ', 'ಕೊರಿಯರಿಲ್ಲ', 'ಒಂದೇ ಡಬ್ಬಿ' ಇಷ್ಟೇ ಪದಗಳು ಸಾಕು. 'ಸಿಗಲಿಲ್ಲ' ಒಂದೇ ಗೋದಾಮಿನಲ್ಲಿ ಹೆಚ್ಚುತ್ತಿದ್ದರೆ ಅಲ್ಲಿನ ಎಣಿಕೆ ಕೆಟ್ಟಿದೆ. ಒಂದೇ ಸಾಮಾನಿಗೆ ಹೆಚ್ಚುತ್ತಿದ್ದರೆ ಅದರ ಬಾರ್‌ಕೋಡು ಇನ್ನೊಂದರ ಮೇಲೆ ಅಂಟಿರಬಹುದು. 'ಸ್ಟಾಕಿಲ್ಲ' ಹೆಚ್ಚುತ್ತಿದ್ದರೆ ಆರ್ಡರು ಹಂಚುವ ನಿಯಮದಲ್ಲಿ ಏನೂ ತಪ್ಪಿಲ್ಲ, ಸರಕೇ ತಪ್ಪು ಊರಿನಲ್ಲಿದೆ.

ಈ ಕೊನೆಯದನ್ನು ಅಮೆಜಾನ್ ದೊಡ್ಡ ಮಟ್ಟದಲ್ಲಿ ಎದುರಿಸಿತು. ಅಮೆರಿಕದಲ್ಲಿ ಅದರ ಗೋದಾಮುಗಳೆಲ್ಲ ಒಂದೇ ರಾಷ್ಟ್ರೀಯ ಜಾಲವಾಗಿದ್ದವು. ಹತ್ತಿರದಲ್ಲಿ ಸರಕಿಲ್ಲದಿದ್ದರೆ ದೇಶದ ಇನ್ನೊಂದು ಮೂಲೆಯಿಂದ ಬರುತ್ತಿತ್ತು. ಆ ಜಾಲವನ್ನು ಎಂಟು ಪ್ರದೇಶಗಳಾಗಿ ಒಡೆದು, ಪ್ರತಿಯೊಂದೂ ಬಹುಮಟ್ಟಿಗೆ ತನ್ನ ಗಿರಾಕಿಗಳನ್ನು ತಾನೇ ನೋಡಿಕೊಳ್ಳುವಂತೆ ಬದಲಿಸಿದ್ದನ್ನು ಕಂಪನಿಯ ಮುಖ್ಯಸ್ಥ ಆಂಡಿ ಜಾಸಿ 2023ರ ಏಪ್ರಿಲ್‌ನಲ್ಲಿ ಷೇರುದಾರರಿಗೆ ಬರೆದ ಪತ್ರದಲ್ಲಿ ವಿವರಿಸಿದರು. ಪ್ರದೇಶಗಳನ್ನು ಗುರುತಿಸಿದ ಮಾತ್ರಕ್ಕೆ ಅದು ನಡೆಯಲಿಲ್ಲ. ಯಾವ ಪ್ರದೇಶದಲ್ಲಿ ಯಾವ ಸರಕು ಇರಬೇಕೆಂಬುದನ್ನೇ ಮತ್ತೆ ಕೂತು ಲೆಕ್ಕ ಹಾಕಬೇಕಾಯಿತು.

ನಮ್ಮ ಪಾತ್ರೆ ವ್ಯಾಪಾರಿಯ ದಾಖಲೆಯೂ ಅದನ್ನೇ ತೋರಿಸುತ್ತದೆ ಎನ್ನಿ. ನಾಲ್ಕು ವಾರಗಳಲ್ಲಿ ಹೈದರಾಬಾದು ಮೊದಲ ಆಯ್ಕೆಯಾಗಿದ್ದ ಊರುಗಳಿಂದ 31 ಇಡ್ಲಿ ಪಾತ್ರೆಗಳಿಗೆ ಆರ್ಡರು ಬಂದು, 24 ನೆಲಮಂಗಲದಿಂದ ಹೋಗಿವೆ. ಕಾರಣದ ಕಾಲಮ್ಮಿನಲ್ಲಿ ಎಲ್ಲದಕ್ಕೂ 'ಸ್ಟಾಕಿಲ್ಲ'. ಒಂದೊಂದಕ್ಕೆ ನೆಲಮಂಗಲದಿಂದ 260 ರೂಪಾಯಿ, ಹೈದರಾಬಾದಿನಿಂದಾದರೆ 195. ವ್ಯತ್ಯಾಸ 65. ಲಾರಿ ಟ್ರಾನ್ಸ್‌ಪೋರ್ಟಿನಲ್ಲಿ ಒಟ್ಟಿಗೆ ಹಾಕಿದರೆ ಒಂದು ಪಾತ್ರೆಗೆ 35 ರೂಪಾಯಿ ಬೀಳುತ್ತದೆ ಎಂದಿಟ್ಟುಕೊಂಡರೂ 30 ಉಳಿಯುತ್ತದೆ, ಜೊತೆಗೆ ಗಿರಾಕಿಗೆ ಎರಡು ದಿನ.

30 ಪಾತ್ರೆ ಕಳಿಸುವುದು ಎಂದಾಯಿತು. ತನ್ನದೇ ಗೋದಾಮಿನಿಂದ ತನ್ನದೇ ಗೋದಾಮಿಗೆ ಹೋದರೂ ರಾಜ್ಯ ದಾಟುವುದರಿಂದ ಜಿಎಸ್‌ಟಿಯ ಕಣ್ಣಿಗೆ ಅದು ಒಬ್ಬರಿಂದ ಇನ್ನೊಬ್ಬರಿಗೆ ಮಾರಿದಂತೆ. ತೆರಿಗೆ ಹಾಕಿದ ಬಿಲ್ಲು ಬೇಕು, ಆ ತೆರಿಗೆಯನ್ನು ಹೈದರಾಬಾದಿನ ನೋಂದಣಿಯಲ್ಲಿ ಜಮಾ ಹಿಡಿಯಬಹುದು. ಪಾತ್ರೆಗೆ 1,400ರಂತೆ 42,000 ರೂಪಾಯಿ. ತೆರಿಗೆ ಸೇರಿದರೂ 50,000 ದಾಟದ ಕಾರಣ ಇ-ವೇ ಬಿಲ್ಲು ಬೇಡ. ನಲವತ್ತು ಕಳಿಸಿದ್ದರೆ ಬೇಕಾಗುತ್ತಿತ್ತು. ಹುಬ್ಬಳ್ಳಿಯಿಂದ ನೆಲಮಂಗಲಕ್ಕೆ ಸರಕು ಸರಿಸುವಾಗ ಈ ತೆರಿಗೆಯಿಲ್ಲ, ಎರಡೂ ಒಂದೇ ನೋಂದಣಿಯೊಳಗಿವೆ, ಡೆಲಿವರಿ ಚಲನ್ ಸಾಕು.

ಲಾರಿ ಹೊರಟ ಕೂಡಲೇ ಹೈದರಾಬಾದಿನ ಲೆಕ್ಕಕ್ಕೆ 30 ಸೇರಿಸುವ ಆಸೆಯನ್ನು ಮಾತ್ರ ತಡೆಯಬೇಕು. ಸೇರಿಸಿದರೆ ಆ ರಾತ್ರಿಯೇ ಬೀದರಿನ ಆರ್ಡರುಗಳು ಹೈದರಾಬಾದಿಗೆ ತಿರುಗಿ, ಹೆದ್ದಾರಿಯ ಮೇಲಿರುವ ಪಾತ್ರೆಗಳಿಗೆ ಮೀಸಲು ಬೀಳುತ್ತದೆ. ನೆಲಮಂಗಲದ ಲೆಕ್ಕದಿಂದ ಕಳೆದು, 'ದಾರಿಯಲ್ಲಿದೆ' ಎಂಬ ಬೇರೆ ಖಾನೆಯಲ್ಲಿ ಇಡಬೇಕು. ಹೈದರಾಬಾದಿನಲ್ಲಿ ಇಳಿಸಿ, ಎಣಿಸಿ, ತಗ್ಗು ಬಿದ್ದದ್ದನ್ನು ಪಕ್ಕಕ್ಕಿಟ್ಟು, ಕಪಾಟಿಗೆ ಏರಿಸಿದ ಮೇಲೆ ಅಲ್ಲಿನ ಲೆಕ್ಕ. ಎಣಿಸಿದಾಗ 29 ಸರಿಯಿವೆ, ಒಂದರ ಮುಚ್ಚಳ ಸೊಟ್ಟಗಾಗಿದೆ. ಲೆಕ್ಕದಲ್ಲಿ 30, ತಡೆಹಿಡಿದದ್ದು 1.

ಅದಾದ ಮಾರನೆಯ ದಿನ ಬೀದರಿನಿಂದ ಮತ್ತೆ ಅದೇ ಮೂರು ಸಾಮಾನಿನ ಆರ್ಡರು ಬರುತ್ತದೆ: ಕಾವಲಿ, ಇಡ್ಲಿ ಪಾತ್ರೆ, ಫಿಲ್ಟರು. ನಿಯಮ ಯಾರೂ ಮುಟ್ಟಿಲ್ಲ, ಪಟ್ಟಿಯ ಸಾಲು ಹಾಗೆಯೇ ಇದೆ. 9 ಕಿಲೋದ ಅದೇ ಪೆಟ್ಟಿಗೆ ಈ ಸಲ ಹೈದರಾಬಾದಿನಿಂದ ಹೊರಡುತ್ತದೆ. ಕೊರಿಯರಿಗೆ 285 ರೂಪಾಯಿ, ಪ್ಯಾಕಿಂಗಿಗೆ 25, ಒಂದೇ ಬಿಲ್ಲು.